ನಲವತ್ತನಾಲ್ಕೇ ಬರುವ ಗ್ಯಾಸು

ಒಂದು ಪಾಯಿಂಟ್ ಎರಡು ಮೂರು. ಇದು ನಮ್ಮ ಕಡೆಯ ಬಿ.ಎಸ್ಸಿ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಮುಚ್ಚಳದ ಒಳಗೆ, ಪೆನ್ಸಿಲಿನಲ್ಲಿ, ದೇವರ ಹೆಸರಿನ ಪಕ್ಕದಲ್ಲೇ ಬರೆದಿರುತ್ತಿದ್ದ ಸಂಖ್ಯೆ. ಸೀನಿಯರು ಜೂನಿಯರಿಗೆ, ಅಕ್ಕ ತಂಗಿಗೆ ಹೇಳಿಕೊಟ್ಟು ಅದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬಸ್ಸುಗಳಲ್ಲೆಲ್ಲ ಓಡಾಡುತ್ತಿತ್ತು. ಈ ಮೂರು ತಾಲ್ಲೂಕಿನ ನಡುವಿನ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ಸಂಬಳದ ರಿಜಿಸ್ಟರಿನ ಭಾಷೆ.

ಪ್ರಯೋಗ ಸುಲಭದ್ದು. ಎತ್ತರದ ಗಾಜಿನ ಜಾಡಿಯಲ್ಲಿ ನೀರು. ಅದರೊಳಗೆ ನಿಲ್ಲಿಸಿದ ಒಂದು ಗಾಜಿನ ಕೊಳವೆ. ಕೊಳವೆಯ ತುದಿಗೆ ತೆಳು ತಗಡು, ತಗಡಿಗೆ ಸೂಜಿಮೊನೆಯಷ್ಟು ತೂತು, ಅದಕ್ಕೊಂದು ನಲ್ಲಿ. ಕೊಳವೆಗೆ ಗ್ಯಾಸು ತುಂಬಿ ನಲ್ಲಿ ತಿರುಗಿಸಿದರೆ ಕೆಳಗಿನಿಂದ ನೀರು ಏರುತ್ತದೆ, ಗ್ಯಾಸು ತೂತಿನಿಂದ ಹೊರಗೆ ಹೋಗುತ್ತದೆ. ನೀರು ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡುವುದು. ಮೊದಲು ಗಾಳಿ ತುಂಬಿ ನೋಡಬೇಕು, ಆಮೇಲೆ ಹೆಸರು ಹೇಳದೆ ಕೊಟ್ಟ ಗ್ಯಾಸು ತುಂಬಿ ನೋಡಬೇಕು. ಭಾರದ ಗ್ಯಾಸು ನಿಧಾನ, ಹಗುರದ್ದು ಬೇಗ. ಗ್ಯಾಸಿನ ಸಮಯವನ್ನು ಗಾಳಿಯ ಸಮಯದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಗಾಳಿಯ ಇಪ್ಪತ್ತೊಂಬತ್ತರಿಂದ ಮತ್ತೆ ಗುಣಿಸಿದರೆ ಗ್ಯಾಸಿನ ಅಣುತೂಕ ಸಿಕ್ಕಿತು.

ನಮ್ಮಲ್ಲಿ ಹೆಸರು ಹೇಳದೆ ಕೊಡುತ್ತಿದ್ದ ಗ್ಯಾಸು ಯಾವುದೆಂದು ಗೇಟಿನ ಹೊರಗೆ ಕಡಲೆಕಾಯಿ ಮಾರುವವನಿಗೂ ಗೊತ್ತಿತ್ತು. ಅಮೃತಶಿಲೆಯ ಚೂರಿಗೆ ಆಸಿಡ್ ಹಾಕಿದರೆ ಬರುವ ಇಂಗಾಲದ ಡೈಆಕ್ಸೈಡ್. ನಾನು ಇದೇ ಬೆಂಚಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೂ ಅದೇ, ಅಧ್ಯಾಪಕಿಯಾದ ಮೇಲೂ ಅದೇ. ಅದರ ತೂಕ ನಲವತ್ತನಾಲ್ಕು. ಉತ್ತರ ಮೊದಲೇ ಗೊತ್ತಿದ್ದ ಮೇಲೆ ಅಳೆಯುವವರು ಯಾರು? ಗಾಳಿಯ ಸಮಯವನ್ನು ಮಾತ್ರ ನೋಡುವುದು, ಅದನ್ನು ಒಂದು ಪಾಯಿಂಟ್ ಎರಡು ಮೂರರಿಂದ ಗುಣಿಸಿ ಗ್ಯಾಸಿನ ಸಮಯವೆಂದು ಬರೆಯುವುದು. ಗಾಳಿಗೆ ನಲವತ್ತೆಂಟು ಸೆಕೆಂಡು ಬಂದರೆ ಗ್ಯಾಸಿಗೆ ಐವತ್ತೊಂಬತ್ತು. ಲೆಕ್ಕ ಹಾಕಿದರೆ ನಲವತ್ತಮೂರು ಪಾಯಿಂಟ್ ಎಂಟು. ಭೇಷ್, ಎಕ್ಸಲೆಂಟ್, ಕೆಂಪು ಶಾಯಿಯಲ್ಲಿ ಸಹಿ.

ತಮಾಷೆಯೆಂದರೆ ನಿಜವಾಗಿ ಅಳೆದವರಿಗೆ ಅಷ್ಟು ಚೆಂದದ ಉತ್ತರ ಬರುವುದೇ ಇಲ್ಲ. ಆ ಗ್ಯಾಸನ್ನು ನೀರು ಸ್ವಲ್ಪ ಕುಡಿಯುತ್ತದೆ, ಹಾಗಾಗಿ ನೀರು ಬೇಗ ಏರಿ ಸಮಯ ಕಡಿಮೆಯಾಗುತ್ತದೆ. ಪ್ರಾಮಾಣಿಕರಿಗೆ ನಲವತ್ತೊಂದೋ ನಲವತ್ತೆರಡೋ ಬಂದರೆ ಹೆಚ್ಚು. ಅಂದರೆ ನಲವತ್ತಮೂರು ಪಾಯಿಂಟ್ ಎಂಟು ಎಂಬ ಉತ್ತರವೇ ಕಳ್ಳತನದ ರಶೀದಿ. ಅದಕ್ಕೇ ನಾವು ಹೆಚ್ಚು ಅಂಕ ಕೊಡುತ್ತಿದ್ದೆವು.

ನಾನು ಹೇಳಹೊರಟ ವರ್ಷ ಲ್ಯಾಬಿನಲ್ಲಿ ಆಸಿಡ್ ಮುಗಿದಿತ್ತು. ಬೇಕೆಂದು ಬರೆದುಕೊಟ್ಟ ಚೀಟಿ ಆಫೀಸಿನಲ್ಲಿ ಯಾರದೋ ಫೈಲಿನಡಿ ಮಲಗಿತ್ತು. ಅದನ್ನು ಎಬ್ಬಿಸಲು ನಾನು ಒಮ್ಮೆ ಹೋದೆ, ಸಾಹೇಬರು ಊಟಕ್ಕೆ ಹೋಗಿದ್ದರು, ಮತ್ತೆ ಹೋಗಲಿಲ್ಲ. ಪರೀಕ್ಷೆಗೆ ಎರಡು ದಿನ ಇರುವಾಗ ನಮ್ಮ ಲ್ಯಾಬಿನ ಅಟೆಂಡರು ಬಾಗಿಲಲ್ಲಿ ನಿಂತು ಕೇಳಿದರು. ನಾನು ಹುಟ್ಟುವ ಮೊದಲೇ ಸರ್ವಿಸಿಗೆ ಸೇರಿದವರ ಹಾಗೆ ಕಾಣುತ್ತಿದ್ದ, ನಿಧಾನದ ಮನುಷ್ಯ.

“ಗ್ಯಾಸಿಗೆ ಎಂತ ಮಾಡುದು ಮೇಡಂ?”

“ಹೇಗಾದ್ರೂ ಮಾಡಿ ಸುಧಾರಿಸಿ ಮಾರಾಯ್ರೆ.”

ಅವರು ತಲೆಯಾಡಿಸಿ ಹೋದರು. ಹೇಗೆ ಸುಧಾರಿಸುತ್ತೀರಿ ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದರಲ್ಲಿ ನನಗೆ ಆಗಲೇ ಒಳ್ಳೆಯ ಅಭ್ಯಾಸವಾಗಿತ್ತು.

ಪರೀಕ್ಷೆಯ ದಿನ ಹನ್ನೆರಡು ಮಕ್ಕಳ ಬ್ಯಾಚು. ಹೊರಗಿನಿಂದ ಬಂದ ಪರೀಕ್ಷಕರು ಬಯಲುಸೀಮೆಯ ಕಡೆಯವರು. ಎಕ್ಸ್‌ಟರ್ನಲ್ ಬಂದರೆಂದರೆ ನಮ್ಮಲ್ಲಿ ಬೀಗರು ಬಂದ ಹಾಗೆ. ಬೆಳಿಗ್ಗೆ ನೀರುದೋಸೆ, ಹನ್ನೊಂದಕ್ಕೆ ಕಾಫಿ, ಹೋಗುವಾಗ ಒಂದು ಬಾಟಲಿ ಜೇನು. ಅವರು ಬಂದ ತಕ್ಷಣ ಕೇಳಿದ್ದು ಮಧ್ಯಾಹ್ನದ ಬಸ್ಸು ಎಷ್ಟು ಗಂಟೆಗೆ ಎಂದು. ಆಮೇಲೆ ಕುರ್ಚಿಯಲ್ಲಿ ಕೂತು, ಲ್ಯಾಬಿಗೆ ಬೆನ್ನು ಹಾಕಿ, ಕಿಟಕಿಯಿಂದ ಬೀಸುವ ಗಾಳಿಯನ್ನು ಮನಸಾರೆ ಹೊಗಳಿದರು.

ಗ್ಯಾಸು ಫುಟ್‌ಬಾಲಿನ ಒಳಗಿನ ರಬ್ಬರ್ ಬ್ಲ್ಯಾಡರುಗಳಲ್ಲಿ ಬಂತು. ನಾಲ್ಕು ಕೊಳವೆ, ಸರದಿಯ ಮೇಲೆ ಹನ್ನೆರಡು ಜನ. ಗಾಳಿಯ ಸಮಯ ನೋಡುವಾಗ ಎಲ್ಲರೂ ನೀರಿನ ಮೇಲೆ ಕಣ್ಣಿಟ್ಟು ನಿಂತರು. ಗ್ಯಾಸು ತುಂಬಿದ ಮೇಲೆ ನೀರು ತನ್ನ ಪಾಡಿಗೆ ಏರಿತು, ಮಕ್ಕಳು ತಮ್ಮ ಪಾಡಿಗೆ ಗುಣಾಕಾರ ಮಾಡಿದರು. ಹನ್ನೊಂದು ಉತ್ತರ ಪತ್ರಿಕೆಯಲ್ಲಿ ನಲವತ್ತಮೂರು ಚಿಲ್ಲರೆ. ಅದರ ಕೆಳಗೆ ‘ಇದು ಇಂಗಾಲದ ಡೈಆಕ್ಸೈಡ್’ ಎಂಬ ತೀರ್ಪು ಬೇರೆ. ಎಕ್ಸ್‌ಟರ್ನಲ್ ಹನ್ನೊಂದಕ್ಕೂ ಭೇಷ್ ಎಂದರು. ಈ ಪ್ರಯೋಗ ಹೇಳುವುದು ತೂಕವನ್ನು, ಹೆಸರನ್ನಲ್ಲ. ಪ್ರೊಪೇನಿಗೂ ನಲವತ್ತನಾಲ್ಕೇ. ಅದನ್ನು ನಾನು ತರಗತಿಯಲ್ಲಿ ಹೇಳಿದ್ದೆ, ಅವರು ಬರೆದುಕೊಂಡೂ ಇದ್ದರು.

ಹನ್ನೆರಡನೆಯ ಪತ್ರಿಕೆಯಲ್ಲಿ ಇಪ್ಪತ್ತೊಂಬತ್ತು ಇತ್ತು.

ಅದು ಕಡಹಿನಬೈಲಿನಿಂದ ಬರುತ್ತಿದ್ದ ಹುಡುಗಿಯದು. ತರಗತಿಯಲ್ಲಿ ಎರಡನೆಯ ಬೆಂಚು, ಮಾತು ಕಡಿಮೆ, ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಬೇಕೆಂಬುದು ಅವಳ ಆಸೆ. ಪ್ರಾಕ್ಟಿಕಲ್‌ನಲ್ಲಿ ಪ್ರತ್ಯೇಕವಾಗಿ ಪಾಸಾಗಬೇಕೆಂಬ ನಿಯಮವಿತ್ತು. ಇದರಲ್ಲಿ ಹೋದರೆ ಆ ವರ್ಷದ ಬಿ.ಎಡ್. ಸೀಟು ಹೋಯಿತು. ಇನ್ನೊಂದು ವರ್ಷ ಕಾಯಲು ಮನೆಯಲ್ಲಿ ಬಿಡುವುದಿಲ್ಲವೆಂದು ಅವಳೇ ಒಮ್ಮೆ ನನಗೆ ಹೇಳಿದ್ದಳು.

ಎಕ್ಸ್‌ಟರ್ನಲ್ ಪತ್ರಿಕೆ ಎತ್ತಿ ಹಿಡಿದರು.

“ಏನಮ್ಮ ಇದು? ಗಾಳಿಗೆ ನಲವತ್ತೆಂಟು, ಗ್ಯಾಸಿಗೂ ನಲವತ್ತೆಂಟು? ಊರಿಗೇ ಒಂದು ದಾರಿ ಆದ್ರೆ ನಿನಗೇ ಒಂದು ದಾರಿಯಾ?”

“ಆರು ಸಲ ನೋಡಿದೆ ಸಾರ್. ಒಂದ್ಸಲ ನಲವತ್ತೊಂಬತ್ತು ಬಂತು, ಉಳಿದದ್ದೆಲ್ಲ ನಲವತ್ತೆಂಟೇ.”

“ನೀನು ಗ್ಯಾಸು ತುಂಬಿಸಿಯೇ ಇಲ್ಲ. ಎರಡು ಸಲವೂ ಗಾಳಿಯನ್ನೇ ಅಳೆದಿದ್ದೀಯ.”

“ಬ್ಲ್ಯಾಡರಿಂದಲೇ ತುಂಬಿಸಿದ್ದು ಸಾರ್. ಒಳಗೆ ಎಂತ ಇದೆ ಅಂತ ನಂಗೆ ಗೊತ್ತಿಲ್ಲ. ತೂಕ ಇಪ್ಪತ್ತೊಂಬತ್ತರ ಹತ್ರ ಇದೆ, ಅಷ್ಟೇ.”

ಪತ್ರಿಕೆಯಲ್ಲೂ ಅವಳು ಅದನ್ನೇ ಬರೆದಿದ್ದಳು. ಸಾರಜನಕ ಇಪ್ಪತ್ತೆಂಟು, ಈಥೇನ್ ಮೂವತ್ತು, ಕೈಯ ಸ್ಟಾಪ್‌ವಾಚಿನಲ್ಲಿ ಇವನ್ನು ಬೇರೆ ಮಾಡಲಾಗದು, ಗಾಳಿಯೇ ಇದ್ದರೂ ಇರಬಹುದು ಎಂದು. ಅಷ್ಟು ವರ್ಷಗಳಲ್ಲಿ ಆ ಪ್ರಯೋಗಕ್ಕೆ ನಾನು ಕಂಡ ಒಂದೇ ಒಂದು ಸರಿಯಾದ ಉತ್ತರ ಅದು. ಎಕ್ಸ್‌ಟರ್ನಲ್ ಅದರ ಮೇಲೆ ಅಡ್ಡಗೆರೆ ಎಳೆಯಲು ಪೆನ್ನಿನ ಮುಚ್ಚಳ ತೆಗೆದರು. ಒಂದು ನಿಮಿಷ ಸಾರ್ ಎಂದು ನಾನು ಎದ್ದೆ.

ಒಳಕೋಣೆಯಲ್ಲಿ ಉಳಿದ ಬ್ಲ್ಯಾಡರು ಒಂದಿತ್ತು. ಸುಣ್ಣದ ತಿಳಿನೀರಿಗೆ ಅದರ ಬಾಯಿ ಇಟ್ಟು ಹಿಂಡಿದೆ. ಇಂಗಾಲದ ಡೈಆಕ್ಸೈಡ್ ಆಗಿದ್ದರೆ ನೀರು ಹಾಲಾಗಬೇಕು. ಗುಳುಗುಳು ಸದ್ದು ಬಂತು, ನೀರು ಹಾಗೇ ತಿಳಿಯಾಗಿ ಉಳಿಯಿತು. ಮೂಲೆಯಲ್ಲಿ ಸೈಕಲ್ ಪಂಪು ಒರಗಿಸಿಟ್ಟಿತ್ತು. ಅಲ್ಲೇ ಇದ್ದ ಅಟೆಂಡರು ಅದನ್ನೂ ನನ್ನನ್ನೂ ನೋಡಿದರು.

“ಗಾಳಿ ಹೊಡ್ದಿರಾ?”

“ಮತ್ತೆಂತ ಮಾಡುದು ಮೇಡಂ? ನೀವೇ ಸುಧಾರಿಸಿ ಅಂದ್ರಲ್ಲ. ಇಷ್ಟು ವರ್ಷ ನೋಡಿದೇನೆ. ಒಳಗೆ ಎಂತ ಇದ್ರೂ ನಲವತ್ತನಾಲ್ಕೇ ಬರುದು.”

ಅವರು ವ್ಯಂಗ್ಯ ಮಾಡಲಿಲ್ಲ. ಕಂಡದ್ದನ್ನು ಹೇಳಿದರು. ಆ ಕಟ್ಟಡದಲ್ಲಿ ಕಂಡದ್ದನ್ನು ಹೇಳುವವರು ಇಬ್ಬರೇ ಇದ್ದರು, ಒಬ್ಬರು ಅಟೆಂಡರು, ಇನ್ನೊಬ್ಬಳು ಫೇಲಾಗುವುದರಲ್ಲಿದ್ದಳು.

ಈಗ ನಾನು ಹೊರಗೆ ಹೋಗಿ ಹೇಳಬೇಕಾದದ್ದು ಒಂದೇ ವಾಕ್ಯ: ಸಾರ್, ಬ್ಲ್ಯಾಡರಿನಲ್ಲಿ ಇದ್ದದ್ದೇ ಗಾಳಿ. ಹೇಳಿದರೆ ಅವಳು ಪಾಸು. ಹಾಗೆಯೇ ಹನ್ನೊಂದು ಮಕ್ಕಳು ಗಾಳಿಯನ್ನು ಅಳೆದು ನಲವತ್ತಮೂರು ಚಿಲ್ಲರೆ ಪಡೆದದ್ದು ಹೇಗೆಂಬ ಪ್ರಶ್ನೆ ಏಳುತ್ತದೆ, ಅದಕ್ಕೆ ಭೇಷ್ ಎಂದ ಎಕ್ಸ್‌ಟರ್ನಲ್ ಮುಖ ಎಲ್ಲಿಡಬೇಕೆಂಬುದು ಏಳುತ್ತದೆ, ಹಳೆಯ ವರ್ಷಗಳ ಕಟ್ಟುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಅಟೆಂಡರ ಪಿಂಚಣಿಗೆ ತೊಂದರೆಯಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅವರನ್ನು ಮುಂದೆ ನಿಲ್ಲಿಸಿಕೊಂಡು ಅಡಗುವುದು ಎಷ್ಟು ಸುಲಭವಾಯಿತೆಂದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ‘ಸುಧಾರಿಸಿ’ ಎಂದವಳು ನಾನು. ಒಂದು ಪಾಯಿಂಟ್ ಎರಡು ಮೂರರಿಂದ ಡಿಗ್ರಿ ಪಡೆದವಳೂ ನಾನೇ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡೆ.

ಹೊರಗೆ ಬಂದು ಎಕ್ಸ್‌ಟರ್ನಲ್‌ಗೆ ಹೇಳಿದೆ.

“ಅವಳ ಬ್ಲ್ಯಾಡರು ಸೋರಿತ್ತು ಸಾರ್. ಇನ್ನೊಂದು ಕೊಡ್ತೇನೆ, ಒಂದ್ಸಲ ರಿಪೀಟ್ ಮಾಡ್ಲಿ.”

“ಮಾಡ್ಲಿ ಮಾಡ್ಲಿ. ಅಷ್ಟರಲ್ಲಿ ನಾನು ಕಾಫಿ ಮುಗಿಸ್ತೀನಿ.” ಅವರು ಉದಾರಿಗಳು.

ಒಳಕೋಣೆಯ ಅದೇ ಬ್ಲ್ಯಾಡರಿನಿಂದ ಹುಡುಗಿ ಮತ್ತೆ ತುಂಬಿಸಿದಳು. ನಲ್ಲಿ ತಿರುಗಿಸಿ, ಬಗ್ಗಿ, ಗುರುತಿನ ಮಟ್ಟಕ್ಕೆ ಕಣ್ಣು ತಂದು ನೋಡಿದಳು. ನಲವತ್ತೆಂಟು. ಮತ್ತೊಮ್ಮೆ. ನಲವತ್ತೆಂಟು. ನಾನು ಅವಳ ಪಕ್ಕ ಹೋಗಿ ನಿಂತು, ತುಟಿ ಅಲುಗದ ಹಾಗೆ ಹೇಳಿದೆ.

“ಐವತ್ತೊಂಬತ್ತು ಬರಿ.”

ಅವಳು ತಲೆ ಎತ್ತಲಿಲ್ಲ. “ಮೇಡಂ, ಬಂದದ್ದು ನಲವತ್ತೆಂಟು.”

“ಗೊತ್ತು.”

“ನಾನು ನೋಡಿದ್ದು ತಪ್ಪಾ?”

“ಇಲ್ಲ. ಸರಿ ಇದೆ.”

“ಮತ್ತೆ ಯಾಕೆ ಮೇಡಂ?”

“ಸೀಟು ಬೇಕಾ ಬೇಡ್ವಾ ನಿಂಗೆ?”

ಅವಳು ನಲ್ಲಿ ಮುಚ್ಚಿದಳು. ಆಮೇಲೆ ಹೊಸ ಹಾಳೆ ತೆಗೆದು ಐವತ್ತೊಂಬತ್ತು, ಐವತ್ತೊಂಬತ್ತು, ಅರವತ್ತು ಎಂದು ಬರೆದಳು. ಮೂರನೆಯದನ್ನು ಬದಲಿಸಿ ಬರೆಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸುಳ್ಳಿಗೂ ಒಂದಿಷ್ಟು ಏರುಪೇರು ಬೇಕೆಂಬುದು ಅವಳಿಗೆ ತಾನಾಗಿ ಹೊಳೆದಿತ್ತು, ನಿಜವಾಗಿ ಅಳೆದವಳಲ್ಲವೇ. ಎಕ್ಸ್‌ಟರ್ನಲ್ ನೋಡಿ “ಹಾಂ, ಈಗ ಬಂತು ನೋಡಿ” ಎಂದು ಅಂಕ ಹಾಕಿದರು. ಪ್ರಯತ್ನಪಟ್ಟರೆ ಎಲ್ಲರಿಗೂ ಬರುತ್ತದೆ ಎಂದು ನನಗೊಂದು ಉಪದೇಶವನ್ನೂ ಕೊಟ್ಟು, ಜೇನಿನ ಬಾಟಲಿ ಬಗಲಿಗಿಟ್ಟುಕೊಂಡು ಬಸ್ಸು ಹತ್ತಿದರು.

ಅವರನ್ನು ಬಸ್ಸಿಗೆ ಬಿಟ್ಟು ನಾನು ವಾಪಸು ಬಂದಾಗ ಅವಳು ಕೊಳವೆ ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದಳು. ಉಳಿದವರೆಲ್ಲ ಹೋಗಿದ್ದರು. ಥ್ಯಾಂಕ್ಸ್ ಹೇಳಲು ನಿಂತಿದ್ದಾಳೆ ಎಂದುಕೊಂಡೆ. ಅಂಥದ್ದನ್ನು ಎದುರು ನೋಡುವಷ್ಟು ನಾಚಿಕೆಗೇಡಿತನ ನನ್ನಲ್ಲಿತ್ತು.

“ಒಂದು ಕೇಳ್ಲಾ ಮೇಡಂ?”

“ಕೇಳು.”

“ಬಿ.ಎಡ್. ಆಗಿ ಟೀಚರ್ ಆದ್ಮೇಲೆ, ಮಕ್ಕಳಿಗೆ ಸರಿ ಬಂದಾಗ ನಾನೂ ಹೀಗೇ ಹೇಳ್ಬೇಕಾಗ್ತದಾ?”

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ತರಗತಿಯಲ್ಲಿ ಅರ್ಥವಾಗದ್ದನ್ನು ಕೇಳುವ ಹಾಗೆಯೇ ಕೇಳಿದಳು, ಉತ್ತರಕ್ಕಾಗಿ ನಿಂತಳು.

“ಬಸ್ಸಿನ ಹೊತ್ತಾಯ್ತು, ಹೊರಡು” ಎಂದೆ.

ಅವಳ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.