ಗುಳಿಗೆಗಳ ನಡುವೆ

ಲಿವರ್ ಸಿರೋಸಿಸ್ ಎಂದು ತಿಳಿದ ಮೇಲೆ ಡಾಕ್ಟರು ನನಗೆ ನೋವಿನ ಗುಳಿಗೆ ಬೇಡವೆಂದರು. ಕಿಡ್ನಿ ಕೆಡಬಹುದು, ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಪ್ಯಾರಾಸಿಟಮಾಲ್ ಮಾತ್ರ, ಅದೂ ದಿನಕ್ಕೆ ಐನೂರು ಮಿಲಿಗ್ರಾಂನವು ನಾಲ್ಕೇ. ಅವತ್ತು ಕೇಶ್ವಾಪುರದ ನನ್ನ ಔಷಧದಂಗಡಿಯಲ್ಲಿ ನಾಲ್ಕನೆಯದನ್ನೂ ನುಂಗಿಯಾಗಿತ್ತು, ಮೊಣಕಾಲು ಇನ್ನೂ ಸಿಡಿಯುತ್ತಿತ್ತು. ಮೂಗು ಬೇರೆ ಸೋರುತ್ತಿತ್ತು. ನೆಗಡಿ ಗುಳಿಗೆ ತೆಗೆದು ಪಟ್ಟಿಯ ಹಿಂದೆ ಓದಿದರೆ ಅದರಲ್ಲೂ ಪ್ಯಾರಾಸಿಟಮಾಲ್!

ಉಣಕಲ್‌ನಿಂದ ಬಂದ ಅಕ್ಕ ಅಮೃತಬಳ್ಳಿ ಕಷಾಯ ಮುಂದಿಟ್ಟಳು. "ಗಿಡದ್ದೈತಿ, ಏನೂ ಆಗೂದಿಲ್ಲ, ಕುಡಿಯೋ."

"ಅದರಿಂದನೂ ಲಿವರ್ ಕೆಟ್ಟವರದಾರ, ಅಕ್ಕಾ."

ಅವಳು ಮುಖ ತಿರುಗಿಸಿದಳು. ಮೂರು ಗೋಡೆ ತುಂಬ ಔಷಧ, ನನಗೊಂದೂ ಇಲ್ಲ.

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. "ಎರಡು ನೋವಿನ ಗುಳಿಗಿ ಕೊಡ್ರಿ."

"ಲಿವರ್ ತ್ರಾಸ ಏನರ ಐತೇನ್ರಿ?" ಎಂದೆ.

ಇಪ್ಪತ್ತು ವರ್ಷ ಆ ಗುಳಿಗೆ ಮಾರಿದ್ದೇನೆ. ಒಬ್ಬರನ್ನೂ ಕೇಳಿರಲಿಲ್ಲ.