ಟ್ರಂಕಿನ ಮೇಲಿದ್ದ ಬಿ.ಎಡ್.

ಅಳಿಯ ತೀರಿಹೋಗಿ ಎಂಟು ತಿಂಗಳಾಗಿತ್ತು. ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟುಕೊಡುವ ದಿನ ಹತ್ತಿರ ಬರುತ್ತಿತ್ತು. ಮಗಳಿಗೆ ಕೆಲಸ ಸಿಗದಿದ್ದರೆ ನಾವು ಮೂವರೂ ಊರಿಗೆ ಹೊರಡಬೇಕು, ಮೊಮ್ಮಗಳ ಕಾಲೇಜು ಎರಡನೇ ವರ್ಷಕ್ಕೇ ನಿಲ್ಲಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಭಾನುವಾರ ಮೊಮ್ಮಗಳು ಸೈಬರ್ ಕೆಫೆಯಿಂದ ಒಂದು ಹಾಳೆ ತಂದಳು. ಯಾವುದೋ ಶಾಲೆಯವರು ಕಂಪ್ಯೂಟರಿನಲ್ಲಿ ಹಾಕಿದ್ದ ಜಾಹೀರಾತು. ಪರದೆಯಲ್ಲಿ ಕಂಡದ್ದನ್ನು ಹಾಗೇ ಚಿತ್ರ ತೆಗೆದು ಅಚ್ಚು ಹಾಕಿಸಿದ್ದಳು. ಅದನ್ನು ಸ್ಕ್ರೀನ್‌ಶಾಟ್ ಎನ್ನುತ್ತಾರಂತೆ.

"ಮಮ್ಮಿ, ದೇಖೋ. ವಿಜ್ಞಾನದ ಟೀಚರ್ ಬೇಕಂತೆ, ಆರರಿಂದ ಹತ್ತನೇ ಕ್ಲಾಸಿಗೆ. ಬಿ.ಎಸ್ಸಿ., ಐವತ್ತು ಪರ್ಸೆಂಟ್, ಬಿ.ಎಡ್., ಇಂಗ್ಲಿಷ್‌ನಲ್ಲಿ ಪಾಠ. ನಿನಗೇ ಬರೆದ ಹಾಗಿದೆ!"

ಊಟದ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಅವಳೇ ಅರ್ಜಿಯ ಪತ್ರ ಬರೆಯಲು ಕೂತಳು. ಮೊದಲು ಯಾವ ಹುದ್ದೆ, ಜಾಹೀರಾತು ಎಲ್ಲಿ ನೋಡಿದೆ ಅಂತ. ಆಮೇಲೆ ಅವರು ಏನೇನು ಕೇಳಿದ್ದಾರೋ ಅದೇ ಸಾಲಿನಲ್ಲಿ ನಮ್ಮ ಹತ್ತಿರ ಏನಿದೆ ಅಂತ. "ಅವರ ಲಿಸ್ಟ್ ನೋಡ್ತಾ ನಮ್ಮದು ಟಿಕ್ ಮಾಡೋ ಹಾಗಿರಬೇಕು ಅಜ್ಜಿ" ಎಂದಳು. ಡಿಗ್ರಿಯಲ್ಲಿ ಓದಿದ ವಿಷಯ ಕೇಳಿದಳು. ಮಗಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಂದಳು. ಅಕ್ಕಪಕ್ಕದ ಮನೆಯ ಮಕ್ಕಳಿಗೆ ಹತ್ತು ವರ್ಷದಿಂದ ಟ್ಯೂಷನ್ ಹೇಳಿದ್ದೂ ಸೇರಿತು. ಬರೆದು ಮುಗಿಸಿ ಅಮ್ಮನ ಕೈಗೆ ಕೊಟ್ಟಳು. ಮಗಳು ಓದಿದಳು. ಎರಡು ಸಲ ಓದಿದಳು.

"ಸರಿಯಿದೆ" ಎಂದಳು.

ನಾನು ಓದಿದ್ದು ನಾಲ್ಕನೇ ತರಗತಿ, ಅದೂ ಕನ್ನಡ. ಆದರೆ ಇಂಗ್ಲಿಷಿನ ಬಿ.ಎಡ್. ಎಂಬುದರ ಆಕಾರ ನನಗೆ ಗೊತ್ತು. ಮಂಚದ ಕೆಳಗಿನ ತಗಡಿನ ಟ್ರಂಕಿನ ಮೇಲೆ, ಮಗಳ ಹೆಸರಿನ ಮುಂದೆ, ಬಿಳಿ ಬಣ್ಣದಲ್ಲಿ ಅದು ಇತ್ತು. ಬಿ.ಎಡ್. ಸೇರುವಾಗ ಹಾಸ್ಟೆಲಿಗೆಂದು ಕೊಂಡ ಟ್ರಂಕು. ಖುಷಿಗೆ, ಪಾಸಾಗುವ ಮೊದಲೇ ಬರೆಸಿಕೊಂಡಿದ್ದಳು. ಮೊಮ್ಮಗಳು ಹುಟ್ಟಿದಾಗಿನಿಂದ ಆ ಟ್ರಂಕು ನೋಡಿ ಅಮ್ಮ ಬಿ.ಎಡ್. ಎಂದೇ ತಿಳಿದಿದ್ದಳು. ನಾವೂ ತಿದ್ದಿರಲಿಲ್ಲ.

ನಾನು ಪತ್ರ ಇಸಿದುಕೊಂಡು ಆ ಅಕ್ಷರದ ಮೇಲೆ ಬೆರಳಿಟ್ಟೆ.

"ಇದು ಯಾವಾಗ ಮುಗಿಸಿದೆಯೇ?"

"ಅಮ್ಮಾ, ಸುಮ್ಮನಿರು."

"ಸರ್ಟಿಫಿಕೇಟು ಕೇಳಿದರೆ ಟ್ರಂಕು ಹೊತ್ತುಕೊಂಡು ಹೋಗ್ತೀಯಾ?"

ಮೊಮ್ಮಗಳು ಇಬ್ಬರ ಮುಖ ನೋಡಿದಳು. "ಕ್ಯಾ? ಮಮ್ಮಿ ಬಿ.ಎಡ್. ಅಲ್ವಾ?"

"ಐದು ತಿಂಗಳು ಹೋಗಿದ್ದೆ" ಎಂದಳು ಮಗಳು. "ಒಂದು ವರ್ಷದ್ದು."

ಮೊಮ್ಮಗಳು ಆ ಪದಕ್ಕೆ ಗೀಟು ಹೊಡೆದಳು. "ಸುಳ್ಳು ಬೇಡ. ಸೇರಿದ್ದೆ, ಪೂರ್ತಿ ಮಾಡಲಿಲ್ಲ ಅಂತ ಬರೆಯೋಣ. ಯಾಕೆ ಬಿಟ್ಟೆ ಅಂತ ಒಂದು ಕಾರಣ ಬೇಕು ಮಮ್ಮಿ."

ಮಗಳು ಮೇಜಿನ ಮೇಲಿದ್ದ ಜಾಹೀರಾತು ಮಡಚತೊಡಗಿದಳು. ಮೊಮ್ಮಗಳು ತಾನೇ ಏನೋ ಬರೆದಳು.

"ಏನು ಬರೆದೆ?" ಎಂದು ಕೇಳಿದೆ.

"ಕೌಟುಂಬಿಕ ಕಾರಣ ಅಂತ. ಎಲ್ಲರೂ ಹಾಗೇ ಬರೀತಾರೆ ಅಜ್ಜಿ."

ಆ ಕಾರಣ ನಾನು. ಹುಡುಗ ದಿಲ್ಲಿಯಲ್ಲಿ, ಕಾಯಂ ನೌಕರಿ, ಮದುವೆಗೆ ಅವನಿಗೆ ರಜೆ ಹದಿನೈದೇ ದಿನ. ಮಗಳು ಹಾಸ್ಟೆಲಿನಿಂದ ಬಂದು, ಪರೀಕ್ಷೆ ಆಗಲಿ, ಏಳು ತಿಂಗಳು ತಡೆಯಿರಿ ಎಂದು ಅತ್ತಳು. ಅವಳಪ್ಪ ಮೆತ್ತಗಾಗಿದ್ದರು. ನಾನು ಬಿಡಲಿಲ್ಲ. ಆ ಟ್ರಂಕಿನಲ್ಲೇ ಸೀರೆ ತುಂಬಿ ಕಳಿಸಿದೆ. ಇದನ್ನು ಅಂದು ಮೊಮ್ಮಗಳಿಗೆ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಪತ್ರವನ್ನು ಶುದ್ಧವಾಗಿ ಇನ್ನೊಮ್ಮೆ ಬರೆದಳು. ಮಗಳು ಸಹಿ ಹಾಕಿದಳು. ಅಂಕಪಟ್ಟಿಯ ನಕಲು ಜೊತೆಗಿಟ್ಟು ಮರುದಿನ ಶಾಲೆಯ ಕಚೇರಿಗೆ ಕೊಟ್ಟು ಬಂದರು.

ಹತ್ತು ದಿನ ಬಿಟ್ಟು ಮಗಳೇ ಫೋನು ಮಾಡಿ ಕೇಳಿದಳು. ಪತ್ರ ಚೆನ್ನಾಗಿತ್ತಂತೆ, ಬಿ.ಎಡ್. ಇಲ್ಲದೆ ಆಗುವುದಿಲ್ಲವಂತೆ. ಅಂಚೆಯ ಮೂಲಕ ಓದುವ ಬಿ.ಎಡ್. ವಿಚಾರಿಸಿದೆವು. ಅದಕ್ಕೆ ಸೇರಲು ಎರಡು ವರ್ಷ ಶಾಲೆಯಲ್ಲಿ ಪಾಠ ಮಾಡಿರಬೇಕಂತೆ.

ಕೊನೆಗೆ ಮುಖರ್ಜಿ ನಗರದಲ್ಲಿ, ಕೋಚಿಂಗಿಗೆ ಬರುವ ಹುಡುಗಿಯರ ಹಾಸ್ಟೆಲಿನಲ್ಲಿ ಮಗಳು ವಾರ್ಡನ್ ಆದಳು. ಇರಲು ಒಂದು ಕೋಣೆ ಕೊಟ್ಟರು. ಮೊಮ್ಮಗಳ ಕಾಲೇಜು ನಿಲ್ಲಲಿಲ್ಲ. ರಸಾಯನಶಾಸ್ತ್ರ ಓದಿದವಳು ನೀರಿನ ಟ್ಯಾಂಕರ್ ಬಂತಾ ಎಂದು ವಿಚಾರಿಸುತ್ತ, ಹುಡುಗಿಯರ ಹಾಜರಿ ಹಾಕುತ್ತ ದಿನ ಕಳೆದಳು. ಸಂಜೆ ಯಾರಾದರೂ ಲೆಕ್ಕ ಬಾರದೆ ಬಾಗಿಲು ತಟ್ಟಿದರೆ ಅವಳ ದನಿಯೇ ಬೇರೆಯಾಗುತ್ತಿತ್ತು. ನಾನು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ ಕೇಳಿಸಿಕೊಳ್ಳುತ್ತಿದ್ದೆ. ಚೆನ್ನಾಗಿ ಹೇಳಿಕೊಡುತ್ತಿದ್ದಳು.

ಟ್ರಂಕು ಆ ಕೋಣೆಗೂ ಬಂತು. ಬಣ್ಣ ಬಳಿದು ಆ ಅಕ್ಷರ ಮುಚ್ಚಿಬಿಡೋಣವೇ ಎಂದು ಒಮ್ಮೆ ಕೇಳಿದೆ.

"ಇರಲಿ ಬಿಡಮ್ಮ" ಎಂದಳು. "ಐದು ತಿಂಗಳಾದರೂ ಹೋಗಿದ್ದೆನಲ್ಲ."