ಬಿಚ್ಚಿ ಬಿಚ್ಚಿ ಸವೆದ ಸೆರಗು

ನನ್ನ ಓರಗಿತ್ತಿ ಸೂಜಿ ಹಿಡಿದರೆ ಸಾಕು, ನನಗೆ ಮೈಯೆಲ್ಲ ಉರಿ. ಇಳಕಲ್ಲಿನ ಒಂದೇ ಮನೆಯಲ್ಲಿ, ಒಂದೇ ಕಿಟಕಿಯ ಬೆಳಕಿಗೆ ಕೂತು ಇಬ್ಬರೂ ಸೀರೆಗಳಿಗೆ ಕಸೂತಿ ಹಾಕುತ್ತೇವೆ. ಅವಳು ಹಾಕಿದ ಗೋಪುರದ ಚಿತ್ತಾರ ಒಂದೆಳೆ ಆಚೆ ವಾಲಿದರೂ, "ಇರ್ಲಿ ಬಿಡ್ರಿ ಅಕ್ಕಾರ, ಯಾರರ ಅಳತಿಪಟ್ಟಿ ಹಿಡ್ಕೊಂಡ ಬರ್ತಾರೇನು?" ಎಂದು ನಕ್ಕು ಮುಂದೆ ಸಾಗುತ್ತಾಳೆ. ಮುಗಿಸಿಯೂ ಬಿಡುತ್ತಾಳೆ! ಜನ ಹೊಗಳುತ್ತಾರೆ. ಇವರಿಗೇನು ಕಣ್ಣಿಲ್ಲವೇ ಎಂದು ನಾನು ಹಲ್ಲು ಕಡಿಯುತ್ತೇನೆ.

ಮಗಳ ಕುಬಸ, ಅಂದರೆ ಸೀಮಂತ, ನಿಶ್ಚಯವಾಯಿತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಒಯ್ಯಬೇಕು. "ಅವ್ವಾ, ನೀ ಹಾಕಿದ ಕಸೂತಿ ಸೀರೀನ ಉಟ್ಕೊಂಡ ಕೂಡ್ತೇನಿ" ಎಂದಿದ್ದಳು.

ಕಸೂತಿಗೆ ಗಂಟಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಒಳಗೂ ಹೊರಗೂ ಒಂದೇ ಕಾಣಬೇಕು. ಹಸಿರು ಸೀರೆಯ ಸೆರಗಿಗೆ ಹಾಕತೊಡಗಿದೆ. ಒಂದೆಳೆ ತಪ್ಪಿದ್ದು ಕಂಡಿತು, ಸಾಲು ಪೂರ್ತಿ ಬಿಚ್ಚಿದೆ. ಮತ್ತೆ ಹಾಕಿದೆ. ಮರುದಿನ ಕಣ್ಣಿಗೆ ಬೇರೆ ತಪ್ಪು ಬಿತ್ತು. ಅದೂ ಸರಿಹೋದಾಗ ದಾರದ ಬಣ್ಣವೇ ಸರಿಯಿಲ್ಲವೆನಿಸಿ ಪೇಟೆಗೆ ಹೋದೆ. ದಾರ ಬಂದ ಮೇಲೆ ಸೂಜಿ ಮುಟ್ಟುವ ಬದಲು ಅಟ್ಟ ಸ್ವಚ್ಛ ಮಾಡಿದೆ. ಕೇಳಿದವರಿಗೆಲ್ಲ, "ನಂದು ಅರೆಬರೆ ಕೆಲಸ ಅಲ್ಲರಿ" ಎನ್ನುತ್ತಿದ್ದೆ.

ಕುಬಸಕ್ಕೆ ಕಮತಗಿಯ ಬೀಗರ ಮನೆಗೆ ಹೋದಾಗ ನನ್ನ ಕೈಯಲ್ಲಿ ಅಂಗಡಿಯ ಸೀರೆ. ಓರಗಿತ್ತಿ ತನ್ನ ಚೀಲದಿಂದ ತಾನೇ ಕಸೂತಿ ಹಾಕಿದ್ದನ್ನು ತೆಗೆದಳು. ಮಗಳು ಅದನ್ನೇ ಉಟ್ಟಳು. ವಾಲಿದ ಗೋಪುರವನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಕೂತವಳನ್ನು ನೋಡಿ ಎಲ್ಲರೂ ಚಂದ ಚಂದ ಎಂದರು.

"ನಿಂದೆಲ್ಲಿ ಅವ್ವಾ?" ಎಂದು ಮಗಳು ಮೆಲ್ಲಗೆ ಕೇಳಿದಳು.

"ಇನ್ನೂ ಸರಿ ಆಗಿಲ್ಲವ್ವಾ."

"ಸರಿ ಆಗೂದು ಯಾರಿಗೆ ಬೇಕಾಗಿತ್ತು? ನನಗ ನಿಂದ ಬೇಕಾಗಿತ್ತು."

ಮನೆಗೆ ಬಂದು ಸೆರಗು ಹರವಿದೆ. ಬಿಚ್ಚಿ ಬಿಚ್ಚಿ ಬಟ್ಟೆ ಜರಡಿಯಾಗಿತ್ತು. ಆಗ ಹೊಳೆಯಿತು: ಅರ್ಧಕ್ಕಿರುವ ಸೀರೆಗೆ ಯಾರೂ ಹೆಸರಿಡುವುದಿಲ್ಲ. ಮುಗಿಸಿದರೆ ನಾಲ್ಕು ಜನ ನೋಡುತ್ತಾರೆ, ಅದರಲ್ಲಿ ತಪ್ಪು ಕಂಡರೆ ನಾನೇ ಕೆಲಸಕ್ಕೆ ಬಾರದವಳೆಂದು ಗೊತ್ತಾಗಿಬಿಡುತ್ತದೆ. ಅಚ್ಚುಕಟ್ಟು ಎಂದು ನಾನು ಮೆರೆದದ್ದು ಬರೀ ಪುಕ್ಕಲುತನ. ಓರಗಿತ್ತಿಯ ಕಸೂತಿಯ ಮೇಲೆ ನನಗೆಂದೂ ಹೊಟ್ಟೆಕಿಚ್ಚು ಇರಲಿಲ್ಲ. ತಪ್ಪಿದರೂ ಅವಳಿಗೆ ರಾತ್ರಿ ನಿದ್ದೆ ಬರುತ್ತದಲ್ಲ, ಅದರ ಮೇಲಿತ್ತು.

ಈಗ ಹುಟ್ಟುವ ಕೂಸಿಗೆ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿದು ಅದರ ಮೇಲೆ ಆನೆ ಹಾಕುತ್ತಿದ್ದೇನೆ. ಬಿಚ್ಚುವ ಕತ್ತರಿಯನ್ನು ಓರಗಿತ್ತಿಯ ಕೈಗೆ ಕೊಟ್ಟು, "ಕೇಳಿದ್ರೂ ಕೊಡಬ್ಯಾಡ" ಎಂದಿದ್ದೇನೆ. ನಿನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ, "ಸೊಂಡಿಲು ಡೊಂಕ ಬಂದೈತಲ್ಲ?"

ಅವಳು ಬಗ್ಗಿ ನೋಡಿದಳು. "ಹೌದ್ರಿ ಅಕ್ಕಾರ, ಡೊಂಕ ಐತಿ" ಎಂದು ಕತ್ತರಿಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಅವಳ ಮೇಲೆ ಮೈ ಉರಿಯಿತು. ಆಮೇಲೆ ಸೂಜಿಗೆ ದಾರ ಪೋಣಿಸಿ ಆನೆಯ ಕಾಲು ಹಾಕತೊಡಗಿದೆ.